ರಸೀದಿಯ ದರ, ತಗುಲಿದ ದರ: ಫಾರೆಕ್ಸ್ ಕಾರ್ಡೋ ಡೆಬಿಟ್ ಕಾರ್ಡೋ

ಪ್ರವಾಸಕ್ಕೆ ಮೊದಲೇ ವಿದೇಶಿ ಹಣ ತುಂಬಿಸಿಕೊಳ್ಳುವ ಫಾರೆಕ್ಸ್ ಕಾರ್ಡಿನ ಜಾಹೀರಾತಿನಲ್ಲಿ ‘ಝೀರೋ ಮಾರ್ಕಪ್’, ಅಂದರೆ ದರದ ಮೇಲೆ ಹೆಚ್ಚುವರಿ ಶುಲ್ಕ ಸೊನ್ನೆ, ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಡೆಬಿಟ್ ಕಾರ್ಡಿನ ಶುಲ್ಕಪಟ್ಟಿಯಲ್ಲಿ ವಿದೇಶದ ಖರ್ಚಿಗೆ ‘3.5% ಜೊತೆಗೆ ಜಿಎಸ್‌ಟಿ’ ಎಂದು ಸಣ್ಣಕ್ಷರದಲ್ಲಿ ಇರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿಗೆ ತೀರ್ಮಾನಕ್ಕೆ ಬರಲು ಅರ್ಧ ನಿಮಿಷವೂ ಬೇಡ. ತಕರಾರು ಶುರುವಾಗುವುದು ಊರಿಗೆ ಮರಳಿದ ಮೇಲೆ. ಚೀಟಿಗಳನ್ನು ಹರಡಿಕೊಂಡು ಸ್ಟೇಟ್‌ಮೆಂಟಿನ ಜೊತೆ ತಾಳೆ ನೋಡಿದರೆ ಸೊನ್ನೆ ಸೊನ್ನೆಯಾಗಿ ಉಳಿದಿರುವುದಿಲ್ಲ, ಮೂರೂವರೆಯೂ ಮೂರೂವರೆಯಾಗಿ ಉಳಿದಿರುವುದಿಲ್ಲ.

ಕಾರಣ ಸರಳ. ಎರಡೂ ಕಾರ್ಡುಗಳು ಹಣ ತೆಗೆದುಕೊಳ್ಳುವ ಜಾಗ ಬೇರೆ, ಹೊತ್ತು ಬೇರೆ. ಡೆಬಿಟ್ ಕಾರ್ಡು ಖರ್ಚು ಮಾಡಿದ ದಿನ ತೆಗೆದುಕೊಳ್ಳುತ್ತದೆ, ಶುಲ್ಕವನ್ನು ಶುಲ್ಕ ಎಂದೇ ಹೇಳಿಕೊಂಡು. ಫಾರೆಕ್ಸ್ ಕಾರ್ಡು ಲೋಡ್ ಮಾಡಿದ ದಿನವೇ ತೆಗೆದುಕೊಂಡಿರುತ್ತದೆ, ದರದ ಒಳಗೇ ಸೇರಿಸಿ. ಒಂದರ ಬಿಲ್ಲು ಹೋಟೆಲಿನಲ್ಲಿ, ಇನ್ನೊಂದರ ಬಿಲ್ಲು ವಿಮಾನ ಹತ್ತುವ ಮೊದಲೇ ಬ್ಯಾಂಕಿನ ಕೌಂಟರಿನಲ್ಲಿ. ಹಾಗಾಗಿ ಹೋಟೆಲಿನ ಚೀಟಿಗಳನ್ನಷ್ಟೇ ಹಿಡಿದು ಹೋಲಿಸಿದರೆ ಫಾರೆಕ್ಸ್ ಕಾರ್ಡು ಯಾವಾಗಲೂ ಗೆಲ್ಲುತ್ತದೆ. ಅದರ ಖರ್ಚು ಆ ಚೀಟಿಗಳಲ್ಲಿ ಇಲ್ಲವೇ ಇಲ್ಲ.

ಹೋಲಿಕೆಗೆ ಬೇಕಾಗಿರುವುದು ಒಂದೇ ಸಂಖ್ಯೆ. ಅದನ್ನು ಇಲ್ಲಿ ‘ತಗುಲಿದ ದರ’ ಎಂದು ಕರೆಯೋಣ: ನಿಮ್ಮ ಖಾತೆಯಿಂದ ಹೋದ ಒಟ್ಟು ರೂಪಾಯಿಯನ್ನು, ನಿಮಗೆ ನಿಜವಾಗಿ ದಕ್ಕಿದ ವಿದೇಶಿ ಹಣದಿಂದ ಭಾಗಿಸಿದರೆ ಬರುವುದು. ‘ಒಟ್ಟು’ ಮತ್ತು ‘ನಿಜವಾಗಿ ದಕ್ಕಿದ’ ಎಂಬ ಮಾತುಗಳ ಮೇಲೆ ಒತ್ತು ಇರಲಿ. ಲೆಕ್ಕ ತಪ್ಪುವುದೆಲ್ಲ ಅಲ್ಲೇ.

ಅಳತೆಗೋಲು ಯಾವುದು

ತಗುಲಿದ ದರ 105 ಎಂದು ಗೊತ್ತಾದರೆ ಅದು ದುಬಾರಿಯೋ ಅಗ್ಗವೋ ಹೇಳಲು ಆ ದಿನದ ತಟಸ್ಥ ದರವೊಂದು ಬೇಕು. ಗೂಗಲಿನಲ್ಲಿ ಕಾಣುವ ದರ ಸುಮಾರಾಗಿ ಸರಿ. ಆದರೆ ಅದು ನಿಮಿಷಕ್ಕೊಮ್ಮೆ ಬದಲಾಗುತ್ತದೆ, ನಿನ್ನೆಯದನ್ನು ಇವತ್ತು ಖಚಿತವಾಗಿ ಹಿಡಿಯುವುದು ಕಷ್ಟ. ಡಾಲರ್, ಯೂರೋ, ಪೌಂಡ್, ಯೆನ್‌ಗಳಿಗೆ ಎಫ್‌ಬಿಐಎಲ್ ಸಂಸ್ಥೆ ಕೆಲಸದ ದಿನಗಳಂದು ಮಧ್ಯಾಹ್ನ ಪ್ರಕಟಿಸುವ ರೆಫರೆನ್ಸ್ ದರ ಇದಕ್ಕೆ ಅನುಕೂಲ. 2018ಕ್ಕೆ ಮೊದಲು ರಿಸರ್ವ್ ಬ್ಯಾಂಕೇ ಕೊಡುತ್ತಿದ್ದ ದರ ಇದು. ದಿನಕ್ಕೆ ಒಂದೇ ಸಂಖ್ಯೆ, ಹಳೆಯ ತಾರೀಕಿಗೂ ಸಿಗುತ್ತದೆ, ಮಾರುವವರ ಲಾಭ ಅದರಲ್ಲಿ ಸೇರಿರುವುದಿಲ್ಲ.

ಇನ್ನೊಂದು ಅಳತೆಗೋಲು ವೀಸಾ ಮತ್ತು ಮಾಸ್ಟರ್‌ಕಾರ್ಡ್ ತಮ್ಮ ಜಾಲತಾಣದಲ್ಲಿ ಇಟ್ಟಿರುವ ದರದ ಲೆಕ್ಕಯಂತ್ರ. ತಾರೀಕು, ಎರಡು ಕರೆನ್ಸಿ, ಮೊತ್ತ ಕೊಟ್ಟರೆ ಆ ಕಾರ್ಡ್ ಜಾಲ ಅಂದು ಬಳಸಿದ ದರ ಬರುತ್ತದೆ. ಬ್ಯಾಂಕಿನ ಶುಲ್ಕ ಎಂಬ ಖಾನೆ ಒಂದಿರುತ್ತದೆ, ಅದನ್ನು ಸೊನ್ನೆ ಮಾಡಿಕೊಳ್ಳಿ. ಡೆಬಿಟ್ ಕಾರ್ಡಿನಲ್ಲಿ ಮೊದಲು ಬೀಳುವುದು ಈ ದರ. ಬ್ಯಾಂಕು ತನ್ನ ಮಾರ್ಕಪ್ ಹಾಕುವುದು ಅದರ ಮೇಲೆ. ಜಾಲದ ದರವೇನೂ ಹೆಚ್ಚು ದುಬಾರಿಯಲ್ಲ, ಸಾಮಾನ್ಯವಾಗಿ ಮಾರುಕಟ್ಟೆ ದರದ ಹತ್ತಿರವೇ ಇರುತ್ತದೆ.

ಒಂದು ಕಿರಿಕಿರಿ ಇದೆ. ಶುಕ್ರವಾರ ರಾತ್ರಿ ಊಟ ಮಾಡಿ ಕಾರ್ಡು ಒತ್ತಿದರೆ ಎಸ್‌ಎಂಎಸ್‌ನಲ್ಲಿ ಬರುವುದು ತಡೆಹಿಡಿದ ಮೊತ್ತ. ಅಂಗಡಿಯವರ ಬ್ಯಾಂಕು ಕ್ಲೇಮ್ ಕಳಿಸಿ ಸ್ಟೇಟ್‌ಮೆಂಟಿನಲ್ಲಿ ಅಂತಿಮವಾಗಿ ದಾಖಲಾಗುವುದು ಎರಡು ಮೂರು ದಿನ ಬಿಟ್ಟು, ಆ ಹೊತ್ತಿನ ದರದಲ್ಲಿ. ಹಾಗಾಗಿ ಲೆಕ್ಕಕ್ಕೆ ಎಸ್‌ಎಂಎಸ್ ಹಿಡಿಯಬೇಡಿ, ಸ್ಟೇಟ್‌ಮೆಂಟ್ ಹಿಡಿಯಿರಿ. ಅದರಲ್ಲೂ ಮೊದಲ ಸಾಲನ್ನು ನೋಡಿ ‘ಪರವಾಗಿಲ್ವೇ, ಅಗ್ಗವೇ ಆಯ್ತು’ ಅಂದುಕೊಳ್ಳುವ ಹಾಗಿಲ್ಲ. ಕೆಲವು ಬ್ಯಾಂಕುಗಳು ಖರ್ಚನ್ನು ಒಂದು ಸಾಲಿನಲ್ಲೂ, ಮಾರ್ಕಪ್ ಮತ್ತು ಜಿಎಸ್‌ಟಿಯನ್ನು ಇನ್ನೆಷ್ಟೋ ದಿನ ಬಿಟ್ಟು ಬೇರೆ ಸಾಲಿನಲ್ಲೂ ತೋರಿಸುತ್ತವೆ. INTL ಅಥವಾ MARKUP ಎಂಬ ಪದ ಇರುವ ಸಾಲುಗಳನ್ನು ಹುಡುಕಿ, ಮೂಲ ಖರ್ಚಿನ ಜೊತೆ ಜೋಡಿಸಿ ಕೂಡಿಸಬೇಕು. ಪ್ರವಾಸ ಮುಗಿದು ತಿಂಗಳು ಕಳೆಯುವವರೆಗಿನ ಸ್ಟೇಟ್‌ಮೆಂಟ್ ತೆಗೆದರೆ ಯಾವುದೂ ತಪ್ಪಿಹೋಗುವುದಿಲ್ಲ.

ಎಂಬತ್ತು ಯೂರೋ ಊಟ

ಲೆಕ್ಕ ಕಣ್ಣಿಗೆ ಕಾಣಲಿ ಎಂದು ಗುಂಡಾದ ದರಗಳನ್ನು ಇಟ್ಟುಕೊಳ್ಳೋಣ. ನಿಮ್ಮ ಚೀಟಿಯ ಸಂಖ್ಯೆಗಳನ್ನು ಇದೇ ಜಾಗಗಳಲ್ಲಿ ತುಂಬಿಕೊಳ್ಳಬಹುದು. ಹೊರಡುವ ಮುನ್ನ, ರೆಫರೆನ್ಸ್ ದರ 100 ರೂಪಾಯಿ ಇದ್ದ ದಿನ, ಫಾರೆಕ್ಸ್ ಕಾರ್ಡಿಗೆ 1,000 ಯೂರೋ ಲೋಡ್ ಮಾಡಿದಿರಿ. ಬ್ಯಾಂಕು ಕೊಟ್ಟ ಮಾರಾಟ ದರ 102. ಅಂದರೆ 1,02,000 ರೂಪಾಯಿ. ಕಾರ್ಡು ಕೊಡುವ ಶುಲ್ಕ 300, ಅದರ ಮೇಲೆ 18% ಜಿಎಸ್‌ಟಿ ಸೇರಿ 354. ಇನ್ನೊಂದು ಜಿಎಸ್‌ಟಿ ಇದೆ, ಹೆಚ್ಚಿನವರ ಕಣ್ಣಿಗೆ ಬೀಳುವುದಿಲ್ಲ: ಕರೆನ್ಸಿ ಬದಲಾವಣೆಯೇ ಒಂದು ಸೇವೆ ಎಂದು ಅದಕ್ಕೂ ತೆರಿಗೆ. ಒಂದು ಲಕ್ಷದವರೆಗಿನ ಬದಲಾವಣೆಗೆ ಮೊತ್ತದ 1%ಅನ್ನು, ಕನಿಷ್ಠ 250 ರೂಪಾಯಿಯನ್ನು, ಸೇವೆಯ ಬೆಲೆ ಎಂದು ಹಿಡಿದು ಅದರ ಮೇಲೆ 18% ಹಾಕುತ್ತಾರೆ. ಲಕ್ಷದಿಂದ ಹತ್ತು ಲಕ್ಷದವರೆಗೆ 1,000 ರೂಪಾಯಿ ಮತ್ತು ಲಕ್ಷ ಮೀರಿದ ಭಾಗದ ಅರ್ಧ ಪರ್ಸೆಂಟ್. ನಮ್ಮ ಲೆಕ್ಕದಲ್ಲಿ ಸೇವೆಯ ಬೆಲೆ 1,010, ತೆರಿಗೆ 181 ರೂಪಾಯಿ 80 ಪೈಸೆ. ಎಲ್ಲ ಕೂಡಿ 1,02,535.80. ಸಾವಿರದಿಂದ ಭಾಗಿಸಿದರೆ ಯೂರೋಗೆ 102.54. ‘ಝೀರೋ ಮಾರ್ಕಪ್’ ಕಾರ್ಡಿನಲ್ಲಿ ಒಂದು ಕಾಫಿ ಕುಡಿಯುವ ಮೊದಲೇ ಎರಡೂವರೆ ಪರ್ಸೆಂಟ್ ಹೋಗಿದೆ.

ಸೊನ್ನೆ ಎಂದು ಅವರು ಹೇಳಿದ್ದು ಸುಳ್ಳೇನಲ್ಲ. ಯೂರೋ ಇರುವ ಕಾರ್ಡಿನಿಂದ ಯೂರೋ ಖರ್ಚು ಮಾಡಿದರೆ ಆ ಹೊತ್ತಿಗೆ ಶುಲ್ಕ ಇಲ್ಲ, ಅಷ್ಟೇ ಅದರ ಅರ್ಥ.

ಹತ್ತು ದಿನ ಬಿಟ್ಟು ಅಲ್ಲಿ 80 ಯೂರೋ ಊಟದ ಬಿಲ್ಲು. ಆ ಹೊತ್ತಿಗೆ ರೆಫರೆನ್ಸ್ ದರ 101ಕ್ಕೆ ಏರಿದೆ, ಕಾರ್ಡ್ ಜಾಲದ ದರ 101.20. ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೆ ಮೊದಲ ಸಾಲು 8,096 ರೂಪಾಯಿ. 3.5% ಮಾರ್ಕಪ್ 283.36, ಅದರ ಮೇಲೆ 18% ಜಿಎಸ್‌ಟಿ 51. ಒಟ್ಟು 8,430.36, ತಗುಲಿದ ದರ 105.38. ಶುಲ್ಕಪಟ್ಟಿಯ 3.5% ಜಿಎಸ್‌ಟಿ ಸೇರಿ 4.13 ಆಗುತ್ತದೆ, ಜಾಲದ ದರದ ಚೂರು ಸೇರಿ ಇಲ್ಲಿ 4.34% ಆಯಿತು. ಅದೇ ಊಟಕ್ಕೆ ಫಾರೆಕ್ಸ್ ಕಾರ್ಡಿನಲ್ಲಿ ತಗುಲಿದ್ದು 8,202.86. ವ್ಯತ್ಯಾಸ 227 ರೂಪಾಯಿ 50 ಪೈಸೆ.

ಹೋಲಿಕೆ ಮಾಡುವವರು ಇಲ್ಲಿಗೆ ನಿಲ್ಲಿಸಿ ‘ಫಾರೆಕ್ಸ್ ಕಾರ್ಡಿನಲ್ಲಿ ಊಟಕ್ಕೆ ಇನ್ನೂರ ಇಪ್ಪತ್ತೇಳು ಉಳಿಯಿತು’ ಎಂದು ಬರೆಯುತ್ತಾರೆ. ಅದರಲ್ಲಿ 80 ರೂಪಾಯಿಗೂ ಕಾರ್ಡಿಗೂ ಸಂಬಂಧವಿಲ್ಲ. ಹತ್ತು ದಿನದಲ್ಲಿ ಯೂರೋ ಒಂದು ರೂಪಾಯಿ ಏರಿತು, ಎಂಬತ್ತು ಯೂರೋಗೆ ಎಂಬತ್ತು ರೂಪಾಯಿ. ಯೂರೋ ಅಷ್ಟೇ ಇಳಿದಿದ್ದರೆ ಅಷ್ಟೇ ರೂಪಾಯಿ ಡೆಬಿಟ್ ಕಾರ್ಡಿನ ಕಡೆಗೆ ವಾಲುತ್ತಿತ್ತು. ಶುಲ್ಕದ ವ್ಯತ್ಯಾಸ 147 ರೂಪಾಯಿ 50 ಪೈಸೆ ಮಾತ್ರ. ಇದನ್ನು ಬೇರ್ಪಡಿಸುವ ದಾರಿ ಒಂದೇ: ಫಾರೆಕ್ಸ್ ಕಾರ್ಡಿನ ತಗುಲಿದ ದರವನ್ನು ಲೋಡ್ ಮಾಡಿದ ದಿನದ ರೆಫರೆನ್ಸ್ ದರದ ಎದುರು ಇಡಬೇಕು, ಡೆಬಿಟ್ ಕಾರ್ಡಿನದನ್ನು ಖರ್ಚು ದಾಖಲಾದ ದಿನದ್ದರ ಎದುರು ಇಡಬೇಕು. ಎರಡನ್ನೂ ಒಂದೇ ದಿನದ ದರದ ಎದುರು ಇಟ್ಟರೆ ಅದೃಷ್ಟವೂ ಶುಲ್ಕವೂ ಕಲಸಿಹೋಗುತ್ತವೆ. ಮೊದಲೇ ದರ ಕಟ್ಟಿಹಾಕಿಕೊಂಡ ನೆಮ್ಮದಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಅದನ್ನು ಉಳಿತಾಯದ ಖಾತೆಗೆ ಬರೆದುಕೊಳ್ಳುವುದು ಸರಿಯಲ್ಲ.

ಉಳಿದ ಯೂರೋಗಳ ಕಥೆ

ಫಾರೆಕ್ಸ್ ಕಾರ್ಡಿನ ನಿಜವಾದ ಖರ್ಚು ನಿರ್ಧಾರವಾಗುವುದು ವಾಪಸ್ ಬಂದ ಮೇಲೆ. ಬ್ಯಾಂಕಿನ ದಿನದ ದರಪಟ್ಟಿಯಲ್ಲಿ ಬ್ಯಾಂಕಿನಿಂದ ಬ್ಯಾಂಕಿಗೆ ಹಣ ಕಳಿಸುವ ಟಿಟಿ, ನೋಟು, ಟ್ರಾವೆಲ್ ಕಾರ್ಡ್ ಎಂದು ಬೇರೆ ಬೇರೆ ಕಾಲಂ ಇರುತ್ತವೆ, ಪ್ರತಿಯೊಂದಕ್ಕೂ ಕೊಳ್ಳುವ ದರ, ಮಾರುವ ದರ. ಲೋಡ್ ಮಾಡುವಾಗ ಎಲ್ಲರೂ ಮಾರುವ ದರವನ್ನೇ ನೋಡಿ ಒಂದೆರಡು ಕಡೆ ವಿಚಾರಿಸುತ್ತಾರೆ. ಕೊಳ್ಳುವ ದರವನ್ನು ಕೇಳುವವರು ಕಡಿಮೆ. ಉಳಿದ ಹಣ ರೂಪಾಯಿಗೆ ಮರಳುವುದು ಆ ದರದಲ್ಲಿ.

ಮೇಲಿನ ಸಾವಿರ ಯೂರೋದಲ್ಲಿ 820 ಖರ್ಚಾಗಿ 180 ಉಳಿಯಿತು ಅಂದುಕೊಳ್ಳಿ. ಮರಳಿಸುವ ದಿನ ರೆಫರೆನ್ಸ್ ದರ 100.50, ಬ್ಯಾಂಕು ಕೊಳ್ಳುವ ದರ 98. ಬಂದದ್ದು 17,640, ಅದರಲ್ಲಿ ಮತ್ತೆ ಬದಲಾವಣೆಯ ಜಿಎಸ್‌ಟಿ 45 ಹೋಗಿ ಕೈಗೆ 17,595. ಈಗ ತಗುಲಿದ ದರ ಹೊಸದಾಗಿ ಲೆಕ್ಕ ಹಾಕಬೇಕು: ಕೊಟ್ಟ ಒಟ್ಟು ಹಣದಲ್ಲಿ ವಾಪಸ್ ಬಂದದ್ದನ್ನು ಕಳೆದು, ಖರ್ಚಾದ 820ರಿಂದ ಭಾಗಿಸಿ. ಬರುವುದು 103.59. ಉಳಿದ ಹಣ, ಖರ್ಚಾದ ಪ್ರತಿ ಯೂರೋದ ಮೇಲೆ ಒಂದು ರೂಪಾಯಿಗೂ ಹೆಚ್ಚು ಹೊರೆ ಹಾಕಿತು. ಕುತೂಹಲಕ್ಕೆ, 2% ಮಾರ್ಕಪ್ ಇರುವ ಡೆಬಿಟ್ ಕಾರ್ಡಿನಲ್ಲಿ ಅದೇ ಊಟದ ದಿನ ತಗುಲುತ್ತಿದ್ದ ದರ ನೋಡಿ: 101.20ರ ಮೇಲೆ 2.36%, ಅದೂ 103.59. ಯೂರೋ ಏರಿದ್ದರ ಲಾಭ ಫಾರೆಕ್ಸ್ ಕಾರ್ಡಿನ ಕಡೆಗೇ ಇದ್ದರೂ ಸಮ.

ಉಳಿದದ್ದು 180ರ ಬದಲು 400 ಯೂರೋ ಆಗಿದ್ದರೆ? ಅದೇ ರೀತಿ ಕಳೆದು 600ರಿಂದ ಭಾಗಿಸಿದರೆ 105.68. ಪೂರ್ತಿ 3.5% ಮಾರ್ಕಪ್ ತೆಗೆದುಕೊಳ್ಳುವ ಡೆಬಿಟ್ ಕಾರ್ಡೇ ಯೂರೋಗೆ ಮೂವತ್ತು ಪೈಸೆ ಅಗ್ಗ. ಜೊತೆಗೆ ಕೆಲವು ಕಾರ್ಡುಗಳಲ್ಲಿ ಹಣ ಮರಳಿಸಲು, ಎಷ್ಟೋ ತಿಂಗಳು ಬಳಸದೆ ಇಟ್ಟರೆ, ಅವಧಿ ಮುಗಿದ ಮೇಲೆ ಇಟ್ಟುಕೊಂಡರೆ ಎಂದು ಪ್ರತ್ಯೇಕ ಶುಲ್ಕಗಳಿವೆ. ‘ಇರಲಿ, ಮುಂದಿನ ಪ್ರವಾಸಕ್ಕೆ ಆಗುತ್ತೆ’ ಎಂದು ಬಿಟ್ಟ ಇಪ್ಪತ್ತೈದು ಯೂರೋವನ್ನು ಇವು ನಿಧಾನವಾಗಿ ಕರಗಿಸುತ್ತವೆ.

ಆದ್ದರಿಂದ ಲೋಡ್ ಮಾಡುವ ಮೊತ್ತ ಅಂದಾಜಿಗಿಂತ ಕಡಿಮೆಯೇ ಇರಲಿ. ಸಾವಿರ ಬೇಕೆನಿಸಿದರೆ ಎಂಟುನೂರು ಹಾಕಿ, ಕೊರತೆ ಬಿದ್ದದ್ದನ್ನು ಡೆಬಿಟ್ ಕಾರ್ಡಿನಲ್ಲಿ ಕೊಡಿ. ಕೊನೆಯ ನೂರು ಯೂರೋಗೆ 4% ಕೊಡುವುದು, ಇನ್ನೂರು ಯೂರೋ ಮರಳಿಸಿ ಹೋಗಿಬರುವ ದಾರಿಯೆರಡರಲ್ಲೂ ಕಳೆದುಕೊಳ್ಳುವುದಕ್ಕಿಂತ ಮೇಲು. ಡೆಬಿಟ್ ಕಾರ್ಡಿನಲ್ಲಿ ಅಂತರರಾಷ್ಟ್ರೀಯ ಬಳಕೆಯನ್ನು ಹೊರಡುವ ಮೊದಲೇ ಆ್ಯಪ್‌ನಲ್ಲಿ ಚಾಲೂ ಮಾಡಿರಬೇಕು. ಹೊಸ ಕಾರ್ಡುಗಳು ದೇಶದೊಳಗಿನ ಬಳಕೆಗಷ್ಟೇ ತೆರೆದು ಬರುತ್ತವೆ. ಲೋಡ್ ದರದಲ್ಲಿ ಚೌಕಾಸಿಗೂ ಜಾಗವಿದೆ, ಮೊತ್ತ ದೊಡ್ಡದಿದ್ದಷ್ಟು ಹೆಚ್ಚು. ‘ಐಬಿಆರ್ ಮೇಲೆ ಎಷ್ಟು ಪೈಸೆ ಹಾಕ್ತೀರಿ’ ಎಂದು ಕೇಳಿದರೆ ಮಾತು ನೇರವಾಗಿ ವಿಷಯಕ್ಕೆ ಬರುತ್ತದೆ. ಐಬಿಆರ್ ಅಂದರೆ ಬ್ಯಾಂಕುಗಳು ತಮ್ಮತಮ್ಮಲ್ಲಿ ವ್ಯವಹರಿಸುವ ದರ.

ರೂಪಾಯಿಯಲ್ಲಿ ಬಂದ ಚೀಟಿ

ಎರಡೂ ಕಾರ್ಡುಗಳ ಲೆಕ್ಕವನ್ನು ಒಟ್ಟಿಗೇ ಕೆಡಿಸುವ ಚೀಟಿ ಒಂದಿದೆ. ಸ್ವೈಪ್ ಯಂತ್ರ ಕಾರ್ಡು ಭಾರತದ್ದು ಎಂದು ಗುರುತು ಹಿಡಿದು ‘ಯೂರೋದಲ್ಲೋ ರೂಪಾಯಿಯಲ್ಲೋ’ ಎಂದು ಕೇಳುತ್ತದೆ. ನಮ್ಮ ದುಡ್ಡಿನಲ್ಲೇ ಕಾಣುತ್ತದಲ್ಲ ಎಂದು ರೂಪಾಯಿ ಒತ್ತಿದರೆ ಹೊರಬರುವುದು ಹೀಗಿರುತ್ತದೆ:

```
AMOUNT      EUR 80.00
EXCH RATE   1 EUR = 107.8000 INR
TOTAL       INR 8,624.00
```

ಇದಕ್ಕೆ ಡಿಸಿಸಿ, ಅಂದರೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್, ಎನ್ನುತ್ತಾರೆ. ಇಲ್ಲಿ ದರ ಕಟ್ಟಿದ್ದು ನಿಮ್ಮ ಬ್ಯಾಂಕೂ ಅಲ್ಲ, ವೀಸಾ ಮಾಸ್ಟರ್‌ಕಾರ್ಡೂ ಅಲ್ಲ, ಅಂಗಡಿಯ ಕಡೆಯ ಕಂಪನಿ. 101ರ ಎದುರು 107.80 ಅಂದರೆ ಆರೂವರೆ ಪರ್ಸೆಂಟಿಗೂ ಮೇಲೆ. ಡೆಬಿಟ್ ಕಾರ್ಡಿನಲ್ಲಿ ಕೊಟ್ಟರೆ 8,430ರ ಜಾಗದಲ್ಲಿ 8,624. ವಿದೇಶದಲ್ಲಿ ನಡೆದ ರೂಪಾಯಿ ವ್ಯವಹಾರಕ್ಕೂ ಶುಲ್ಕ ಹಾಕುವ ಬ್ಯಾಂಕಾಗಿದ್ದರೆ ಅದು ಬೇರೆ.

ಫಾರೆಕ್ಸ್ ಕಾರ್ಡಿನಲ್ಲಿ ಇದಕ್ಕಿಂತ ಕೆಟ್ಟದು. ಆ ಕಾರ್ಡಿನಲ್ಲಿ ಇರುವುದು ಯೂರೋ, ಬಂದ ಬೇಡಿಕೆ ರೂಪಾಯಿಯದು. 8,624 ರೂಪಾಯಿ ತಿರುಗಿ ಯೂರೋ ಆಗಬೇಕು: 85 ಯೂರೋ ಚಿಲ್ಲರೆ. ಕಾರ್ಡಿನಲ್ಲಿಲ್ಲದ ಕರೆನ್ಸಿ ಎಂದು ಅದರ ಮೇಲೆ 3.5% ಮತ್ತು ಜಿಎಸ್‌ಟಿ. 80 ಯೂರೋ ಊಟಕ್ಕೆ ವಾಲೆಟ್‌ನಿಂದ 88 ಯೂರೋ ದಾಟಿ ಹೋಗಿರುತ್ತದೆ. ಚೀಟಿಯಲ್ಲಿ ರೂಪಾಯಿ ಇದೆ, ಆ್ಯಪ್‌ನಲ್ಲಿ ಯೂರೋ ಇದೆ, ಯಾವುದಕ್ಕೂ ಯಾವುದೂ ತಾಳೆಯಾಗದೆ ಜನ ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತಾರೆ. ಅಲ್ಲಿ ಸಿಗುವ ಉತ್ತರ ‘ನೀವೇ ಒಪ್ಪಿಗೆ ಕೊಟ್ಟಿದ್ದೀರಿ’ ಎಂದು. ಚೀಟಿಯಲ್ಲಿ ಅದೂ ಅಚ್ಚಾಗಿರುತ್ತದೆ, ಸಣ್ಣಕ್ಷರದಲ್ಲಿ. ಯಂತ್ರದಲ್ಲಿ INR ಎಂದು ಕಂಡ ಕೂಡಲೇ, ಪಿನ್ ಹಾಕುವ ಮೊದಲು, ರದ್ದು ಮಾಡಿಸಿ ಮತ್ತೆ ಹೊಸದಾಗಿ ಯೂರೋದಲ್ಲೇ ಮಾಡಲು ಹೇಳುವುದು ಸಲೀಸು.

ಇದೇ ಜಾತಿಯ ಇನ್ನೊಂದು ಸೋರಿಕೆಯಲ್ಲಿ ರೂಪಾಯಿ ಕಣ್ಣಿಗೆ ಕಾಣುವುದೇ ಇಲ್ಲ. ಯೂರೋ ಮಾತ್ರ ಇರುವ ಕಾರ್ಡು ಹಿಡಿದು ಸ್ವಿಟ್ಜರ್ಲೆಂಡಿನಲ್ಲಿ 60 ಫ್ರಾಂಕಿನ ರೈಲು ಟಿಕೆಟ್ ತೆಗೆದರೆ ಕಡಿತವಾಗುವುದು ಯೂರೋ. ಜಾಲದ ದರ ಫ್ರಾಂಕಿಗೆ 1.07 ಯೂರೋ ಇದ್ದರೆ 64.20 ಹೋಗಬೇಕು, ಆ್ಯಪ್‌ನಲ್ಲಿ 66.45 ಹೋಗಿದೆ. ಎರಡು ಯೂರೋ ಕಾಲು ತಾನೆ ಎಂದು ಬಿಟ್ಟುಬಿಡುತ್ತೇವೆ, ಅದು ಸರಿಯಾಗಿ 3.5%, ಜಿಎಸ್‌ಟಿ ಬೇರೆ. ಲೋಡ್ ಮಾಡುವಾಗ ಎರಡೂವರೆ ಕೊಟ್ಟಾಗಿದೆ, ಇದು ಅದರ ಮೇಲೆ. ಡೆಬಿಟ್ ಕಾರ್ಡಾದರೆ ಫ್ರಾಂಕಾದರೇನು, ಯೂರೋ ಆದರೇನು, ಒಂದೇ ಸಲ ಹೋಗುತ್ತಿತ್ತು. ಮೂರು ನಾಲ್ಕು ಕರೆನ್ಸಿಯ ದೇಶಗಳನ್ನು ಸುತ್ತುವವರು, ತಮ್ಮ ಕಾರ್ಡಿನಲ್ಲಿ ಆ ಕರೆನ್ಸಿಗಳ ವಾಲೆಟ್ ಇಲ್ಲದಿದ್ದರೆ, ಫಾರೆಕ್ಸ್ ಕಾರ್ಡಿನ ಲಾಭದ ಮಾತನ್ನು ಅಲ್ಲಿಗೇ ಕೈಬಿಡಬಹುದು.

ಎಟಿಎಂ ಚೀಟಿ ಓದುವಾಗ

ನಗದು ತೆಗೆದಾಗ ಭಾಗಿಸುವ ಸಂಖ್ಯೆಯೇ ತಪ್ಪುತ್ತದೆ. 200 ಯೂರೋ ಕೇಳಿದಿರಿ, ಆ ಎಟಿಎಂ ತನ್ನ ಶುಲ್ಕ 5 ಯೂರೋ ಸೇರಿಸಿತು, ಸ್ಟೇಟ್‌ಮೆಂಟಿನಲ್ಲಿ EUR 205.00 ಎಂದು ಬಂತು. ಖಾತೆಯಿಂದ ಹೋದ ರೂಪಾಯಿಯನ್ನು 205ರಿಂದ ಭಾಗಿಸಿದರೆ ದರ ಚೆನ್ನಾಗಿಯೇ ಕಾಣುತ್ತದೆ. ಕೈಗೆ ಬಂದದ್ದು 200, ಭಾಗಿಸಬೇಕಾದದ್ದು ಅದರಿಂದಲೇ. ಥಾಯ್ಲೆಂಡಿನಲ್ಲಿ ಹೊರದೇಶದ ಕಾರ್ಡಿಗೆ ಎಟಿಎಂಗಳು ಸಲಕ್ಕೆ 220 ಬಾತ್ ಅಥವಾ ಅದಕ್ಕೂ ಹೆಚ್ಚು ತೆಗೆದುಕೊಳ್ಳುವುದರಿಂದ ಅಲ್ಲಿ ಈ ತಪ್ಪು ಇನ್ನೂ ದೊಡ್ಡದು. ಈ ಶುಲ್ಕಕ್ಕೆ ಡೆಬಿಟ್, ಫಾರೆಕ್ಸ್ ಎಂಬ ಭೇದವಿಲ್ಲ.

ಅದರ ಮೇಲೆ ನಮ್ಮ ಬ್ಯಾಂಕಿನ ಸಲದ ಶುಲ್ಕ. ಡೆಬಿಟ್ ಕಾರ್ಡಿಗೆ 125 ರೂಪಾಯಿ ಎಂದಿಟ್ಟುಕೊಂಡರೆ ಜಿಎಸ್‌ಟಿ ಸೇರಿ 147.50, ಮಾರ್ಕಪ್ ಬೇರೆ. 50 ಯೂರೋ ತೆಗೆದರೆ ಈ ಶುಲ್ಕವೊಂದೇ ಯೂರೋಗೆ ಮೂರು ರೂಪಾಯಿಯ ಹತ್ತಿರ ಬೀಳುತ್ತದೆ, 300 ತೆಗೆದರೆ ಅರ್ಧ ರೂಪಾಯಿ. ಫಾರೆಕ್ಸ್ ಕಾರ್ಡಿನಲ್ಲಿ ಇದು ಸಾಮಾನ್ಯವಾಗಿ ಎರಡು ಡಾಲರ್ ಅಥವಾ ಅದಕ್ಕೆ ಸಮನಾದ ಮೊತ್ತ, ಮಾರ್ಕಪ್ ಇಲ್ಲ. ನಗದಿನ ಮಟ್ಟಿಗೆ, ಅದೇ ಕರೆನ್ಸಿ ಲೋಡ್ ಆಗಿದ್ದರೆ, ಫಾರೆಕ್ಸ್ ಕಾರ್ಡಿಗೇ ಓಟು. ಎಟಿಎಂ ಪರದೆಯೂ ರೂಪಾಯಿ ದರ ತೋರಿಸಿ ‘ಒಪ್ಪುತ್ತೀರಾ’ ಎಂದು ಕೇಳುತ್ತದೆ. ಅಲ್ಲಿ ‘without conversion’ ಒತ್ತಬೇಕು. ಅದನ್ನು ಒತ್ತಿದರೆ ಹಣವೇ ಬರುವುದಿಲ್ಲವೇನೋ ಎಂಬ ಹಾಗೆ ಪರದೆ ಹೆದರಿಸುತ್ತದೆ, ಹಣ ಬರುತ್ತದೆ.

ಮೂಲದಲ್ಲೇ ಸಂಗ್ರಹಿಸುವ ತೆರಿಗೆಯಾದ ಟಿಸಿಎಸ್ ಬಗ್ಗೆ ಒಂದು ಮಾತು, ಇದನ್ನು ಶುಲ್ಕದ ಸಾಲಿಗೆ ಸೇರಿಸಿಬಿಡುವವರು ಇರುವುದರಿಂದ. ಫಾರೆಕ್ಸ್ ಕಾರ್ಡಿನ ಲೋಡ್, ವಿದೇಶದ ಡೆಬಿಟ್ ಕಾರ್ಡ್ ಖರ್ಚು ಎರಡೂ ವಿದೇಶಕ್ಕೆ ಹಣ ಕಳಿಸಲು ರಿಸರ್ವ್ ಬ್ಯಾಂಕು ಇಟ್ಟಿರುವ ಎಲ್‌ಆರ್‌ಎಸ್ ಯೋಜನೆಯ ಲೆಕ್ಕಕ್ಕೆ ಬರುತ್ತವೆ. 2025ರ ಏಪ್ರಿಲ್‌ನಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ದಾಟಿದ ಮೇಲಷ್ಟೇ ಟಿಸಿಎಸ್, ದಾಟಿದ ಭಾಗಕ್ಕೆ 20%. ಅದು ಆದಾಯ ತೆರಿಗೆಯಲ್ಲಿ ಹೊಂದಾಣಿಕೆಯಾಗುವ ಹಣ. ತಗುಲಿದ ದರಕ್ಕೆ ಅದನ್ನು ಕೂಡಿಸಬಾರದು.

ಕೊನೆಗೆ ಉಳಿಯುವುದು ರಿಫಂಡ್. ಹೋಟೆಲ್ ಬುಕಿಂಗ್ ರದ್ದಾಗಿ 80 ಯೂರೋ ವಾಪಸ್ ಬಂದರೆ ಫಾರೆಕ್ಸ್ ಕಾರ್ಡಿನ ವಾಲೆಟ್‌ಗೆ 80 ಯೂರೋವೇ ಸೇರುತ್ತದೆ. ಡೆಬಿಟ್ ಕಾರ್ಡಿಗೆ ಬಂದರೆ ಅದು ಆ ದಿನದ ದರದಲ್ಲಿ ರೂಪಾಯಿಯಾಗಿ ಬರುತ್ತದೆ, ಮೊದಲು ಕಡಿದ 334 ರೂಪಾಯಿ ಮಾರ್ಕಪ್ ಮತ್ತು ಜಿಎಸ್‌ಟಿ ತಾನಾಗಿ ಮರಳುತ್ತದೆ ಎಂದು ನಂಬುವಂತಿಲ್ಲ. ಸ್ಟೇಟ್‌ಮೆಂಟಿನಲ್ಲಿ ಖರ್ಚಿನ ಸಾಲು, ಮಾರ್ಕಪ್ಪಿನ ಸಾಲು, ರಿಫಂಡಿನ ಸಾಲು ಮೂರಕ್ಕೂ ಗುರುತು ಹಾಕಿ ಬ್ಯಾಂಕಿಗೆ ಬರೆದು ಕೇಳಬೇಕು. ರದ್ದಾಗುವ ಸಾಧ್ಯತೆ ಇರುವ ಬುಕಿಂಗ್‌ಗಳನ್ನು ಮೊದಲೇ ಫಾರೆಕ್ಸ್ ಕಾರ್ಡಿನಲ್ಲಿ ಮಾಡಿದ್ದರೆ ಆ ಪತ್ರ ಬರೆಯುವ ಕೆಲಸ ಇರುವುದಿಲ್ಲ.